ದನಿಯ ಗುರುತು ಸಿಗಬಾರದು, ಮಾತು ಮಾತ್ರ ಅರ್ಥವಾಗಬೇಕು

ಪ್ರಶ್ನೆ: ಒಬ್ಬರ ಸಂದರ್ಶನ ರೆಕಾರ್ಡ್ ಮಾಡಿದ್ದೇನೆ, ಅವರ ದನಿ ಯಾರಿಗೂ ಗುರುತು ಸಿಗಬಾರದು. ಪಿಚ್ ಇಳಿಸಿ ನೋಡಿದೆ, ದೆವ್ವದ ಥರ ಕೇಳುತ್ತೆ, ಮಾತೂ ಸರಿಯಾಗಿ ಗೊತ್ತಾಗಲ್ಲ. ಬೇರೆ ದಾರಿ ಇದೆಯಾ?

ಇದೆ. ಪಿಚ್ಚನ್ನು ಸ್ವಲ್ಪ, ಬಾಯಿ ಗಂಟಲಿನ ಆಕಾರದಿಂದ ದನಿಗೆ ಬರುವ ಗುಣವಾದ ಫಾರ್ಮೆಂಟನ್ನು ಸ್ವಲ್ಪ, ಎರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಸರಿಸಬೇಕು. ಮಾಮೂಲಿ ಪಿಚ್ ಇಳಿಸುವಿಕೆ ಎರಡನ್ನೂ ಒಂದೇ ಪ್ರಮಾಣದಲ್ಲಿ ಎಳೆಯುತ್ತದೆ. ಹಾಗಾಗಿ ಮಾತು ಕೆಡುತ್ತದೆ, ಅಷ್ಟೇ ವಾಪಸ್ ಏರಿಸಿದರೆ ಗುರುತೂ ಮತ್ತೆ ಸಿಗುತ್ತದೆ.

ನಾನು ಇದನ್ನು ಕಲಿತದ್ದು ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಒಬ್ಬ ಅಕ್ಕನ ಸಂದರ್ಶನ ಎಡಿಟ್ ಮಾಡುತ್ತಿದ್ದೆ. ಸೂಪರ್‌ವೈಸರ್ ಮೇಲೆ ಅವರು ಗಂಭೀರವಾದ ದೂರು ಹೇಳಿದ್ದರು. ಅವರ ದನಿಯನ್ನು ನಾಲ್ಕು ಸೆಮಿಟೋನ್ ಇಳಿಸಿದೆ, ಅಂದರೆ ಹಾರ್ಮೋನಿಯಂನಲ್ಲಿ ಕಪ್ಪು ಬಿಳಿ ಎರಡೂ ಸೇರಿ ನಾಲ್ಕು ಮನೆ ಕೆಳಗೆ. ಕೇಳಿದರೆ ಬೇರೆ ಯಾರೋ ಅನ್ನಿಸಿತು. ಸದ್ಯ, ಹೊರಗೆ ಕಳಿಸುವ ಮೊದಲು ಆ ಫೈಲನ್ನು ಸೌಂಡ್ ಕೆಲಸದ ಗೆಳೆಯನಿಗೆ ತೋರಿಸಿದೆ. ಅವನು ಅದನ್ನೇ ನಾಲ್ಕು ಸೆಮಿಟೋನ್ ಏರಿಸಿದ. ಅಕ್ಕನ ದನಿ ಹೆಚ್ಚುಕಮ್ಮಿ ಹಾಗೇ ಎದುರಿಗೆ ಬಂದು ನಿಂತಿತು. ಎಷ್ಟು ಇಳಿಸಿದ್ದೆ ಅಂತ ನಾನು ಅವನಿಗೆ ಹೇಳಿರಲೂ ಇಲ್ಲ. ಒಂದೊಂದೇ ಮನೆ ಏರಿಸುತ್ತಾ ಹೋಗಿ, ಸಹಜವಾಗಿ ಕೇಳಿದ ಕಡೆ ನಿಲ್ಲಿಸಿದ್ದ.

ದನಿ ಎರಡು ಕಡೆ ತಯಾರಾಗುತ್ತದೆ. ಗಂಟಲಿನಲ್ಲಿ ಸ್ವರತಂತುಗಳು ಅದುರುತ್ತವೆ. ಸೆಕೆಂಡಿಗೆ ಎಷ್ಟು ಸಲ ಅನ್ನುವುದೇ ಪಿಚ್. ಗಂಡಸರಲ್ಲಿ ಸುಮಾರು 100ರಿಂದ 130 ಹರ್ಟ್ಸ್, ಹೆಂಗಸರಲ್ಲಿ 200ರ ಆಸುಪಾಸು. ಆ ಸದ್ದು ಗಂಟಲು, ಬಾಯಿ ದಾಟಿ ಬರುವಾಗ ಅಲ್ಲಿನ ಗಾಳಿಯ ಜಾಗ ಕೆಲವು ತರಂಗಗಳನ್ನು ಜೋರು ಮಾಡುತ್ತದೆ. ಅವೇ ಫಾರ್ಮೆಂಟ್‌ಗಳು. ನಲ್ಲಿ ಕೆಳಗೆ ಕೊಡ ತುಂಬುವಾಗ ಸದ್ದು ಮೇಲೇರುತ್ತಾ ಹೋಗುತ್ತದೆ ಅಲ್ವಾ? ನೀರು ಏರಿದ ಹಾಗೆ ಒಳಗಿನ ಗಾಳಿಯ ಜಾಗ ಚಿಕ್ಕದಾಗುತ್ತದೆ, ಅದಕ್ಕೆ. ಬಾಯಿ ಗಂಟಲಿನದೂ ಅದೇ ಕಥೆ. ಈ ಜಾಗ ಗಂಡಸರಲ್ಲಿ ಸುಮಾರು 17 ಸೆಂಟಿಮೀಟರ್ ಉದ್ದ, ಹೆಂಗಸರಲ್ಲಿ ಎರಡು ಮೂರು ಸೆಂಟಿಮೀಟರ್ ಕಮ್ಮಿ. ನಾವು ಒಬ್ಬರ ದನಿ ಗುರುತು ಹಿಡಿಯುವುದರಲ್ಲಿ ಈ ಎರಡನೆಯದರ ಪಾಲು ದೊಡ್ಡದು.

ತೊಂದರೆ ಏನೆಂದರೆ ಅಕ್ಷರಗಳ ಗುರುತೂ ಅಲ್ಲೇ ಇದೆ. ಇ, ಎ, ಅ, ಒ ಅಂತ ನಮಗೆ ಬೇರೆ ಬೇರೆಯಾಗಿ ಕೇಳುವುದು ಮೊದಲ ಎರಡು ಫಾರ್ಮೆಂಟ್‌ಗಳ ಜಾಗದಿಂದ. ಎಲ್ಲವನ್ನೂ ಒಂದೇ ಅನುಪಾತದಲ್ಲಿ ಸ್ವಲ್ಪ ಸರಿಸಿದರೆ ಕಿವಿ ಹೊಂದಿಕೊಳ್ಳುತ್ತದೆ. ಮಕ್ಕಳ ಮಾತು, ದೊಡ್ಡವರ ಮಾತು ಎರಡೂ ನಮಗೆ ಅರ್ಥವಾಗುವುದು ಹೀಗೇ. ಜಾಸ್ತಿ ಸರಿಸಿದರೆ ಕಿವಿ ಕೈಬಿಡುತ್ತದೆ. ಕನ್ನಡದಲ್ಲಿ ಮೊದಲು ಕೆಡುವುದು ಲ-ಳ, ನ-ಣ ಜೋಡಿಗಳು, ಇದು ನನ್ನ ಅನುಭವ. ನಾಲಿಗೆ ಮಡಚಿ ಹೇಳುವ ಅಕ್ಷರಗಳಲ್ಲಿ ಮೂರನೆಯ ಫಾರ್ಮೆಂಟ್ ಕೆಳಗಿಳಿಯುತ್ತದೆ. ಅದು ಮಸುಕಾದರೆ ‘ಹಳ್ಳಿ’ ಯಾವುದು, ‘ಹಲ್ಲಿ’ ಯಾವುದು ಗೊತ್ತಾಗುವುದಿಲ್ಲ. ‘ಸ’ ಕೂಡ ಇಳಿಯುತ್ತಾ ಇಳಿಯುತ್ತಾ ‘ಶ’ ಕಡೆಗೆ ಜಾರುತ್ತದೆ. ‘ಸಾಲ’ ಅಂದದ್ದು ‘ಶಾಲ’ ಅಂತ ಕೇಳಿದರೆ ನೀವು ತುಂಬಾ ದೂರ ಹೋಗಿದ್ದೀರಿ ಅಂತ ಅರ್ಥ.

ಈಗ ಕೆಲಸಕ್ಕೆ ಬರೋಣ. ನಾನು ಬಳಸುವುದು ಪ್ರಾಟ್. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪೌಲ್ ಬೂರ್ಸ್ಮಾ ಮತ್ತು ಡೇವಿಡ್ ವೀನಿಂಕ್ ಮಾಡಿದ ಉಚಿತ ಸಾಫ್ಟ್‌ವೇರ್. ಧ್ವನಿವಿಜ್ಞಾನ ಓದುವವರ ಸಾಧನ ಇದು, ನೋಡಲು ಹಳೇ ಕಾಲದ್ದು. ಆದರೆ ಪಿಚ್ ಮತ್ತು ಫಾರ್ಮೆಂಟ್‌ಗೆ ಬೇರೆ ಬೇರೆ ಸಂಖ್ಯೆ ಕೊಡಲು ಬಿಡುತ್ತದೆ. ಆ ಅಕ್ಕನ ದನಿಗೆ ಕೊನೆಗೆ ನಾನು ಕೊಟ್ಟದ್ದು ಇದು:

```
Read from file: "uttara01.wav"
Convert to mono
Change gender: 100, 500, 0.87, 170, 0.6, 1
Save as WAV file: "uttara01_out.wav"
```

100 ಮತ್ತು 500 ಅಂದರೆ ಅವರ ಪಿಚ್ಚನ್ನು ಎಲ್ಲಿಂದ ಎಲ್ಲಿಯವರೆಗೆ ಹುಡುಕಬೇಕು ಅನ್ನುವುದು. ಗಂಡಸಿನ ದನಿಯಾದರೆ 75 ಮತ್ತು 300 ಸಾಕು. 0.87 ಫಾರ್ಮೆಂಟ್ ಅನುಪಾತ. 1 ಅಂದರೆ ಬದಲಾವಣೆ ಇಲ್ಲ, ಅದಕ್ಕಿಂತ ಕಮ್ಮಿಯಾದಷ್ಟೂ ಬಾಯಿ ಗಂಟಲು ಉದ್ದವಾದ ಹಾಗೆ ಕೇಳುತ್ತದೆ. 170 ಹೊಸ ಪಿಚ್. ಅವರ ಮೂಲ ಪಿಚ್ ಸುಮಾರು 215 ಇತ್ತು. 0.6 ಅಂದರೆ ಏರಿಳಿತವನ್ನು ಅಷ್ಟಕ್ಕೆ ಕುಗ್ಗಿಸು ಅಂತ. ಒಬ್ಬೊಬ್ಬರ ರಾಗವೇ ಒಂದೊಂದು ಥರ ಇರುತ್ತದೆ, ಅದೂ ಗುರುತೇ. ಆದರೆ ಪೂರ್ತಿ ಸೊನ್ನೆ ಮಾಡಿದರೆ ಯಂತ್ರ ಮಾತಾಡಿದ ಹಾಗಾಗುತ್ತದೆ, ಪ್ರಶ್ನೆ ಯಾವುದು ಉತ್ತರ ಯಾವುದು ತಿಳಿಯುವುದಿಲ್ಲ. ಕೊನೆಯ 1 ಮಾತಿನ ಅವಧಿಗೆ. ಬೇಕಿದ್ದರೆ 1.05 ಕೊಟ್ಟು ತುಸು ನಿಧಾನ ಮಾಡಬಹುದು. ಎಲ್ಲವೂ ಸಮನಾಗಿ ಹಿಗ್ಗುವುದರಿಂದ ‘ಮಡು’, ‘ಮಾಡು’ ನಡುವಿನ ವ್ಯತ್ಯಾಸ ಕೆಡುವುದಿಲ್ಲ.

ಪಿಚ್ ಇಳಿದದ್ದು ನಾಲ್ಕು ಸೆಮಿಟೋನ್, ಫಾರ್ಮೆಂಟ್ ಇಳಿದದ್ದು ಎರಡೂವರೆಗೂ ಕಮ್ಮಿ. ಈ ವ್ಯತ್ಯಾಸ ನಾನು ಬೇಕೆಂದೇ ಇಟ್ಟದ್ದು. ವಾಪಸ್ ತಿರುಗಿಸಲು ಹೊರಟವರು ಈಗ ಒಂದಲ್ಲ, ಎರಡು ಮೂರು ಸಂಖ್ಯೆ ಹುಡುಕಬೇಕು. ಜೊತೆಗೆ ಪ್ರತಿ ಉತ್ತರಕ್ಕೂ ಫಾರ್ಮೆಂಟ್ ಅನುಪಾತವನ್ನು 0.85ರಿಂದ 0.89ರ ಒಳಗೆ, ಪಿಚ್ಚನ್ನು 165ರಿಂದ 175ರ ಒಳಗೆ ಬದಲಿಸಿದೆ. ಕೇಳುವವರಿಗೆ ಅದು ಗೊತ್ತಾಗಲಿಲ್ಲ. 0.8ಕ್ಕೆ, ಅದಕ್ಕೂ ಕೆಳಗೆ ಹೋದಾಗ ಮಾತ್ರ ಮಾತು ಬಾಯಲ್ಲಿ ಅನ್ನ ಇಟ್ಟುಕೊಂಡು ಆಡಿದ ಹಾಗಾಯಿತು.

ಒಂದು ಕಡೆ ಎಡವಿದೆ. ವಾಕ್ಯದ ಕೊನೆಗೆ ಅವರ ದನಿ ಕ್ಷೀಣಿಸಿ ಗೊರಗೊರ ಆಗುತ್ತಿತ್ತು, ಅಳು ಬಂದಾಗಲಂತೂ ಇನ್ನೂ ಜಾಸ್ತಿ. ಅಲ್ಲಿ ಸಾಫ್ಟ್‌ವೇರ್ ಪಿಚ್ಚನ್ನು ತಪ್ಪಾಗಿ, ಅರ್ಧಕ್ಕೋ ಎರಡರಷ್ಟಕ್ಕೋ ಲೆಕ್ಕ ಹಾಕುತ್ತದೆ. ಆಗ ದನಿ ಒಮ್ಮೆಲೇ ಕಪ್ಪೆ ಕೂಗಿದ ಹಾಗೆ ಮುರಿಯುತ್ತದೆ. ಕೆಳಗಿನ ಮಿತಿಯನ್ನು 70ಕ್ಕೆ ಇಳಿಸಿ ಆ ತುಂಡುಗಳನ್ನು ಬೇರೆಯಾಗಿ ಮಾಡಿದ ಮೇಲೆ ಸರಿಯಾಯಿತು.

ಇಷ್ಟೆಲ್ಲ ಮಾಡಿದ ಮೇಲೂ ಗುರುತು ಸೋರಿದ್ದು ಬೇರೆ ಕಡೆಯಿಂದ. ಇದನ್ನು ದಯವಿಟ್ಟು ಗಮನಿಸಿ. ಸಂದರ್ಶನ ಮಾಡಿದವರಿಗೆ ಒಂದು ಮೈಕ್, ಅಕ್ಕನಿಗೆ ಒಂದು ಮೈಕ್ ಇತ್ತು. ನಾನು ಬದಲಾಯಿಸಿದ್ದು ಅಕ್ಕನ ಮೈಕಿನ ಟ್ರ್ಯಾಕ್ ಮಾತ್ರ. ಆದರೆ ಎದುರಿಗೆ ಕೂತವರ ಮೈಕಿನಲ್ಲೂ ಅವರ ಮಾತು ಸಣ್ಣಗೆ ಬಿದ್ದಿತ್ತು, ಒಂದಿಷ್ಟೂ ಬದಲಾಗದ ಅಸಲಿ ದನಿಯಲ್ಲಿ. ಎರಡನ್ನೂ ಸೇರಿಸಿದಾಗ ಹೊಸ ದನಿಯ ಅಡಿಯಲ್ಲಿ ಹಳೆಯದು ಪಿಸುಗುಡುತ್ತಿತ್ತು. ಸ್ಪೀಕರಿನಲ್ಲಿ ನನಗೆ ಕೇಳಿಸಿರಲಿಲ್ಲ. ಪ್ರಶ್ನೆ ಕೇಳಿದವರ ಟ್ರ್ಯಾಕ್ ಒಂದನ್ನೇ ಹಚ್ಚಿ, 20 ಡೆಸಿಬೆಲ್ ಜೋರು ಮಾಡಿ, ಹೆಡ್‌ಫೋನ್ ಹಾಕಿಕೊಂಡಾಗ ಒಂದೊಂದು ಪದವೂ ಕೇಳಿಸಿತು. ಎದೆ ಧಸಕ್ ಅಂದಿತು. ಅಕ್ಕ ಮಾತಾಡುವ ಕಡೆಯೆಲ್ಲ ಆ ಟ್ರ್ಯಾಕನ್ನು ಪೂರ್ತಿ ಮ್ಯೂಟ್ ಮಾಡಿದೆ. ಇಬ್ಬರೂ ಒಟ್ಟಿಗೆ ಮಾತಾಡಿದ ಕಡೆ ಪ್ರಶ್ನೆಯನ್ನು ಮತ್ತೆ ರೆಕಾರ್ಡ್ ಮಾಡಿಸಿದೆ.

ಹಿನ್ನೆಲೆಯ ಸದ್ದೂ ಹಾಗೇ ಕೈಕೊಡುತ್ತದೆ. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್. ಅದರ ಗುಂಯ್ ಸದ್ದು ರೆಕಾರ್ಡಿಂಗ್‌ನಲ್ಲಿ 50, 100, 150ರಲ್ಲಿ ಗೆರೆಯಾಗಿ ಕಾಣುತ್ತದೆ. ಫಾರ್ಮೆಂಟ್ ಸರಿಸುವಾಗ ಆ ಗೆರೆಗಳೂ ಸರಿಯಬಹುದು. 100 ಇರಬೇಕಾದ ಕಡೆ 87 ಕಂಡರೆ ನಾನು ಹಾಕಿದ ಅನುಪಾತ ಎಷ್ಟು ಅಂತ ನಾನೇ ಬರೆದು ಕೊಟ್ಟ ಹಾಗೆ. ಅದಕ್ಕೇ ದನಿ ಬದಲಿಸುವ ಮೊದಲೇ ಗುಂಯ್ ಸದ್ದನ್ನು ತೆಗೆಯಬೇಕು, ಮಾತಿಲ್ಲದ ಜಾಗವನ್ನು ಖಾಲಿ ಮಾಡಬೇಕು. ದೂರದ ಆಜಾನ್, ದೇವಸ್ಥಾನದ ಗಂಟೆ, ಬಸ್ಸಿನ ಅನೌನ್ಸ್‌ಮೆಂಟ್ ಇದ್ದರೆ ಊರಿನ ಗುರುತೂ ಸಿಗುತ್ತದೆ.

ಪರೀಕ್ಷೆ ಹೇಗೆ? ಮಾತು ಅರ್ಥವಾಗುತ್ತದೆಯೇ ಅಂತ ನೀವೇ ತೀರ್ಮಾನಿಸಬೇಡಿ. ನಿಮಗೆ ಮಾತು ಬಾಯಿಪಾಠ ಆಗಿರುತ್ತದೆ. ಸಂದರ್ಶನವನ್ನು ಕೇಳಿಯೇ ಇರದ ಒಬ್ಬರಿಗೆ ಎರಡು ನಿಮಿಷದ ತುಂಡು ಕೊಟ್ಟು, ಕೇಳಿದ್ದನ್ನು ಬರೆಯಲು ಹೇಳಿ. ಎಲ್ಲಿ ತಪ್ಪಿದ್ದಾರೆ ನೋಡಿ. ನಾನು ಮೊದಲು 0.8 ಇಟ್ಟಿದ್ದಾಗ ನನ್ನ ತಂಗಿ ಲ-ಳ ಪದಗಳಲ್ಲೇ ಮತ್ತೆ ಮತ್ತೆ ತಪ್ಪಿದಳು, 0.87ಕ್ಕೆ ಬಂದ ಮೇಲೆ ಸರಿಹೋಯಿತು. ಗುರುತಿನ ಪರೀಕ್ಷೆಗೆ ಹೊರಗಿನವರನ್ನು ಕರೆಯುವ ಹಾಗಿಲ್ಲ. ವಿಷಯ ಮೊದಲೇ ಗೊತ್ತಿದ್ದ ಅಕ್ಕನ ಗಂಡನಿಗೇ ಕೇಳಿಸಿದೆವು, ಇನ್ನೂ ಮೂವರು ಹೆಂಗಸರ ದನಿಯನ್ನು ಅದೇ ರೀತಿ ಬದಲಿಸಿ ಜೊತೆಗಿಟ್ಟು. ಅವರು ದನಿಯಿಂದ ಹಿಡಿಯಲಿಲ್ಲ. ಆದರೆ ಒಂದು ಕಡೆ ‘ಅದೇ ಮತ್ತೆ’ ಅಂತ ಅಕ್ಕ ಎಳೆದು ಹೇಳಿದ್ದನ್ನು ಕೇಳಿ ಥಟ್ಟನೆ ಹಿಡಿದರು. ಅಂಥ ರೂಢಿ ಮಾತು, ನಗು, ಊರಿನ ಕಡೆಯ ಪದಗಳನ್ನು ಯಾವ ಸಂಖ್ಯೆಯೂ ಅಳಿಸುವುದಿಲ್ಲ. ಅವನ್ನು ಕತ್ತರಿಸಲೇಬೇಕು. ಕತ್ತರಿಸಿದೆ.

ಇದರ ಮಿತಿಯನ್ನೂ ತಿಳಿದುಕೊಳ್ಳಿ. ಈ ವಿಧಾನ ಕೇಳುವ ಕಿವಿಗೆ ತಡೆ ಒಡ್ಡುತ್ತದೆ. ದನಿ ಹೋಲಿಸುವ ಕಂಪ್ಯೂಟರ್ ವ್ಯವಸ್ಥೆಗೆ ಅಷ್ಟೇ ತಡೆ ಆಗುವುದಿಲ್ಲ. 2020ರಲ್ಲಿ ಶುರುವಾದ ವಾಯ್ಸ್‌ಪ್ರೈವೆಸಿ ಚಾಲೆಂಜ್ ಅನ್ನುವ ಸಂಶೋಧಕರ ಸ್ಪರ್ಧೆಯಲ್ಲಿ ಫಾರ್ಮೆಂಟ್ ಸರಿಸುವ ಒಂದು ವಿಧಾನವನ್ನೂ ಪರೀಕ್ಷಿಸಿದರು. ಯಾವ ವಿಧಾನ ಅಂತ ತಿಳಿದ ಎದುರಾಳಿ, ತನ್ನ ಬಳಿಯ ದನಿಗಳನ್ನೂ ಅದೇ ರೀತಿ ಬದಲಿಸಿ ಹೋಲಿಸಿದಾಗ ರಕ್ಷಣೆ ತುಂಬಾ ಕುಗ್ಗಿತು. ನಿಮ್ಮವರ ಜೀವಕ್ಕೆ ಅಪಾಯ ಇದ್ದರೆ, ಅಥವಾ ಎದುರಿಗಿರುವವರ ಹತ್ತಿರ ಅವರ ದನಿಯ ಬೇರೆ ರೆಕಾರ್ಡಿಂಗ್ ಇದ್ದು ಪರಿಣತರನ್ನು ಕರೆಸುವ ಶಕ್ತಿಯೂ ಇದ್ದರೆ, ಇದನ್ನು ನಂಬಿ ಕೂರಬೇಡಿ. ಮಾತನ್ನು ಬರೆದುಕೊಂಡು ಬೇರೆಯವರ ಕೈಲಿ ಓದಿಸಿ, ಓದಿಸಿದ್ದು ಅಂತ ಕೇಳುಗರಿಗೆ ಹೇಳಿ.

ನಿಮ್ಮ ರೆಕಾರ್ಡಿಂಗ್ ಎರಡು ಮೈಕಿನದ್ದೋ ಒಂದೇ ಮೈಕಿನದ್ದೋ ಹೇಳಿಲ್ಲ. ಒಂದೇ ಆದರೆ ಮೊದಲು ಇಬ್ಬರ ಮಾತನ್ನೂ ತುಂಡು ತುಂಡಾಗಿ ಬೇರೆ ಮಾಡಿ, ಅವರ ತುಂಡುಗಳನ್ನು ಮಾತ್ರ ಬದಲಿಸಿ. ನಿಮ್ಮ ‘ಹ್ಞೂಂ’, ‘ಹೌದಾ’ ಅವರ ಮಾತಿನ ಮೇಲೆ ಬಿದ್ದಿದ್ದರೆ ಅದೂ ಜೊತೆಗೆ ಬದಲಾಗುತ್ತದೆ. ನಿಮ್ಮ ಅಸಲಿ ದನಿ ಪ್ರಶ್ನೆಗಳಲ್ಲಿ ಇದ್ದೇ ಇರುವುದರಿಂದ, ಅವೆರಡನ್ನೂ ಹೋಲಿಸಿ ಅನುಪಾತ ಕಂಡುಹಿಡಿಯಬಹುದು. ಆ ‘ಹ್ಞೂಂ’ಗಳನ್ನು ತೆಗೆದುಬಿಡಿ.