ಓಡುವ ಎಲಿವೇಟರ್‌ಗೆ ಕೈ ಹಾಕಿದವನಿಗೆ ಲೆಟರ್ ಬರೆಯುವುದು

"ನಮ್ಮ ಗೇರುಬೀಜ ಫ್ಯಾಕ್ಟರಿಯಲ್ಲಿ ಒಬ್ಬ ಕೆಲಸದವ ಕೈ ತಾಗದ ಹಾಗೆ ಯಂತ್ರಕ್ಕೆ ಹಾಕಿದ ಗಾರ್ಡ್ ತೆಗೆದು, ಬೀಜ ಮೇಲೆತ್ತುವ, ಓಡುತ್ತಿದ್ದ ಬಕೆಟ್ ಎಲಿವೇಟರ್‌ಗೆ ಕೈ ಹಾಕಿದ. ಗಾಯ ಆಗಲಿಲ್ಲ. ಆದ್ರೂ ವಾರ್ನಿಂಗ್ ಲೆಟರ್ ಕೊಡಿ ಅಂತ ಧಣಿಗಳು ಹೇಳ್ತಾರೆ. ಯಾವ ರೂಲ್ ಹಾಕುವುದು, ಟ್ರೈನಿಂಗ್ ಅಂತ ಏನು ಬರೆಯುವುದು?" (ಕಾರ್ಕಳದಿಂದ)

ಶೆಟ್ರೆ, ಲೆಟರ್ ಟೈಪ್ ಮಾಡುವ ಮೊದಲು ಅವನ ಹತ್ರ ಬರಹದಲ್ಲಿ ವಿವರಣೆ ಕೇಳಿ. ನಾನು ಮೊದಲಿದ್ದ ಕಡೆ ಹೀಗೇ ಒಬ್ಬನಿಗೆ ಖಡಕ್ಕಾಗಿ ಬರೆದುಕೊಟ್ಟೆ. ಅವನು ಬಂದು "ಸಾರ್, ಗಾರ್ಡಿಗೆ ನಾಲ್ಕು ಬೋಲ್ಟ್ ಬೇಕು, ಒಂದೇ ಉಂಟು, ನಾನು ಎರಡು ಸಲ ಹೇಳಿದ್ದೇನೆ" ಅಂದ. ಶಿಫ್ಟ್ ಪುಸ್ತಕ ತೆರೆದರೆ ಅವನ ಕೈಬರಹದಲ್ಲೇ ಇತ್ತು. ಲೆಟರ್ ಹರಿದು ಹಾಕಿ ಫಿಟ್ಟರನ್ನು ಕರೆಯಬೇಕಾಯ್ತು.

ರೂಲ್ ವಿಷಯ. ಈ ಪ್ರಶ್ನೆಗೆ ನನಗಿಂತ ಮೊದಲು ಉತ್ತರ ಕೊಟ್ಟ ರಾಯರು 1948ರ ಕಾರ್ಖಾನೆ ಕಾಯ್ದೆಯ 111ನೇ ಕಲಂ ಹಾಕಿ ಅಂದದ್ದು ಅರ್ಧ ಸರಿ. ಕಾರ್ಮಿಕನ ಹೊಣೆ ಅಲ್ಲೇ ಇದ್ದದ್ದು ಹೌದು. ಆದರೆ 2025ರ ನವೆಂಬರ್ 21ರಿಂದ ಹೊಸ ಸುರಕ್ಷತಾ ಸಂಹಿತೆ ಜಾರಿಗೆ ಬಂದಿದೆ, ನೌಕರರ ಕರ್ತವ್ಯ ಅದರ 13ನೇ ಕಲಂನಲ್ಲಿದೆ. ಹಳೇ ಫೈಲಿನ ಫಾರ್ಮ್ಯಾಟ್ ಎತ್ತಿ ಹಾಕಬೇಡಿ. ಕಲಂಗಿಂತ ಮುಂಚೆ ನಿಮ್ಮದೇ ರೂಲಿನ ನಂಬರ್ ಮತ್ತು ಆ ಸಾಲು ಬರಬೇಕು; ಅದನ್ನು ಅವನಿಗೆ ಯಾವತ್ತು ಹೇಳಿದ್ದೀರಿ, ಸಹಿ ಎಲ್ಲಿದೆ ಅಂತಲೂ ಬೇಕು. ಆ ಸಹಿ ಇಲ್ಲದಿದ್ದರೆ ಲೆಟರ್ ನಿಲ್ಲುವುದು ಕಷ್ಟ.

ಘಟನೆಯನ್ನು ಕಣ್ಣಿಗೆ ಕಂಡ ಹಾಗೆ ಬರೆಯಿರಿ. "ಬೇಜವಾಬ್ದಾರಿ", "ಉದ್ಧಟತನ" ಎಂಬ ಮಾತು ಬೇಡ. ಹೀಗೆ:

"ದಿನಾಂಕ __ ಬೆಳಿಗ್ಗೆ 10.40ಕ್ಕೆ 2ನೇ ಎಲಿವೇಟರ್‌ನ ಬುಡದಲ್ಲಿ ಬೀಜ ಕಟ್ಟಿಕೊಂಡಾಗ ನೀವು ಮೋಟಾರ್ ನಿಲ್ಲಿಸದೆ ಗಾರ್ಡ್ ತೆಗೆದು ಕೈಯಿಂದ ಬೀಜ ಎಳೆದದ್ದನ್ನು ಮೇಸ್ತ್ರಿ ನೋಡಿದ್ದಾರೆ. ಇದು ಸುರಕ್ಷತಾ ಸೂಚನೆ __ರ ಉಲ್ಲಂಘನೆ. ನಿಮ್ಮ ವಿವರಣೆ ನೋಡಿದ್ದೇವೆ. ಕೆಳಗಿನ ತರಬೇತಿ ಮುಗಿಯುವವರೆಗೆ ಈ ಯಂತ್ರದಲ್ಲಿ ನಿಮಗೆ ಕೆಲಸವಿಲ್ಲ."

ತರಬೇತಿ ಅಂದರೆ ರೂಮಲ್ಲಿ ಕೂರಿಸಿ ವಿಡಿಯೋ ತೋರಿಸುವುದಲ್ಲ ಮಾರಾಯ್ರೆ. ಅದೇ ಎಲಿವೇಟರ್ ಹತ್ರ ನಿಲ್ಲಿಸಿ. ಸ್ವಿಚ್ ಆಫ್ ಮಾಡಿ, ಮೋಟಾರಿಗೆ ಕರೆಂಟ್ ಪೂರ್ತಿ ಕಡಿಯುವ ಐಸೊಲೇಟರ್‌ಗೆ ತನ್ನ ಬೀಗ ಹಾಕಿ, ಕೀ ಕಿಸೆಯಲ್ಲಿಟ್ಟು, ಹೆಸರಿನ ಟ್ಯಾಗ್ ನೇತುಹಾಕಲಿ. ಆಮೇಲೆ ಸ್ಟಾರ್ಟ್ ಬಟನ್ ಒತ್ತಿ ಓಡುವುದಿಲ್ಲ ಅಂತ ಅವನೇ ನೋಡಲಿ. ಅದನ್ನು ಬಿಟ್ಟವರೇ ಜಾಸ್ತಿ. ಬೇರೆ ಮೋಟಾರಿನ ಐಸೊಲೇಟರ್‌ಗೆ ಬೀಗ ಹಾಕಿದ್ದರೆ ಗೊತ್ತಾಗುವುದೇ ಆಗ. ಬೀಜವನ್ನು ಕೊಕ್ಕೆಯಿಂದ ತೆಗೆದು, ಗಾರ್ಡ್ ಕೂರಿಸಿ, ಕೊನೆಗೆ ಬೀಗ ಬಿಚ್ಚುವುದು. ಯಾರೂ ಹೇಳಿಕೊಡದೆ ಅವನೇ ಮಾಡಿ ತೋರಿಸಿದರೆ ಮಾತ್ರ ಪಾಸ್. ದಿನಾಂಕ, ಕಲಿಸಿದವರ ಹೆಸರು, ಎರಡೂ ಸಹಿ ಲೆಟರಿಗೆ ಲಗತ್ತಿಸಿ. ಆ ಹೊತ್ತಿನ ಸಂಬಳ ಕಡಿಯಬೇಡಿ.

ಹುಡುಗ ಒಡಿಶಾ ಕಡೆಯವನಾದರೆ ಕನ್ನಡ ಪತ್ರಕ್ಕೆ ಸಹಿ ಹಾಕಿಸಿ ಏನು ಪ್ರಯೋಜನ? ಅವನ ಭಾಷೆಯಲ್ಲಿ ಓದಿ ಹೇಳಿಸಿ, ಓದಿದವನ ಸಹಿಯನ್ನೂ ತೆಗೆದುಕೊಳ್ಳಿ.



ಶೆಟ್ರೆ, ಒಂದು ಮಾತ್ರ ನಿಮ್ಮ ಪ್ರಶ್ನೆಯಲ್ಲಿಲ್ಲ: ಗಾರ್ಡ್ ತೆಗೆಯುವಾಗ ಮೇಸ್ತ್ರಿ ಅಲ್ಲೇ ನಿಂತಿದ್ದರಾ, ಆಮೇಲೆ ಬಂದರಾ? ಅಲ್ಲೇ ನಿಂತಿದ್ದರೆ ಎರಡು ಲೆಟರ್ ಬರೆಯಬೇಕಾದೀತು.