ಸಿಗ್ನಲ್ ಹೋದರೂ ಡ್ರೋನ್ ಮನೆಗೆ ಬರಲಿಲ್ಲ, ಯಾಕೆ?

ಪ್ರಶ್ನೆ: ತೊಗರಿಗೆ ಔಷಧ ಹೊಡೆಯಲು ಪಿಕ್ಸ್‌ಹಾಕ್ ಹಾಕಿ, ಆರ್ಡುಪೈಲಟ್‌ನಲ್ಲಿ ಓಡುವ ಡ್ರೋನ್ ನಾನೇ ಜೋಡಿಸಿದ್ದೇನೆ. ಖಾಲಿ ಟ್ಯಾಂಕಿನಲ್ಲಿ ಲಾಯ್ಟರ್ ಮೋಡ್‌ನಲ್ಲಿ ಪರೀಕ್ಷೆ ಮಾಡುತ್ತಿದ್ದೆ. ಕಡ್ಡಿ ಮುಂದಕ್ಕೆ ಒತ್ತಿದ್ದಾಗಲೇ ಕೈಯಲ್ಲಿದ್ದ ಟ್ರಾನ್ಸ್‌ಮಿಟರ್‌ನ ಬ್ಯಾಟರಿ ಮುಗಿದು ಆರಿತು. ಡ್ರೋನ್ ವಾಪಸ್ ಬರದೆ ಸುಮ್ಮನೆ ಮುಂದೆ ಹೋಗಿ ಬದುವಿನ ಬೇವಿನ ಮರಕ್ಕೆ ಹೊಡೆಯಿತು. ಸಿಗ್ನಲ್ ಹೋದರೆ ವಾಪಸ್ ಬರಲಿ ಅಂತ FS_THR_ENABLE 1 ಇಟ್ಟಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಟೆಲಿಮೆಟ್ರಿ ಕೊನೆಯವರೆಗೂ ಬರುತ್ತಲೇ ಇತ್ತು. ಹಾಗಾದರೆ ಫೇಲ್‌ಸೇಫ್ ಯಾಕೆ ಕೆಲಸ ಮಾಡಲಿಲ್ಲ? — ಶಹಾಪುರ ತಾಲ್ಲೂಕಿನ ಓದುಗರು

ಉತ್ತರ: ಪಿಕ್ಸ್‌ಹಾಕ್‌ನ ತಪ್ಪಲ್ಲ ಇದು. ಟ್ರಾನ್ಸ್‌ಮಿಟರ್ ಆರಿದ್ದು ಅದಕ್ಕೆ ಗೊತ್ತೇ ಆಗಿಲ್ಲ. ಗೊತ್ತಾಗದಂತೆ ಮಾಡಿದ್ದು ನಡುವೆ ಕೂತಿರುವ ರಿಸೀವರ್.

ಸಿಗ್ನಲ್ ಹೋದಾಗ ಏನು ಮಾಡಬೇಕು ಅನ್ನುವುದನ್ನು ರಿಸೀವರ್ ತನ್ನೊಳಗೇ ಬೇರೆಯಾಗಿ ಇಟ್ಟುಕೊಂಡಿರುತ್ತದೆ. ಕೆಲವು ರಿಸೀವರ್‌ಗಳು ಪೂರ್ತಿ ಸುಮ್ಮನಾಗುತ್ತವೆ. ಕೆಲವು ನಾವು ಮೊದಲೇ ಕಲಿಸಿದ ಬೆಲೆಯನ್ನು ಕೊಡುತ್ತವೆ. ಇನ್ನು ಕೆಲವು ಕೊನೆಯ ಬಾರಿ ಕಡ್ಡಿ ಎಲ್ಲಿತ್ತೋ ಅದನ್ನೇ ಹಿಡಿದುಕೊಂಡು ಕಳಿಸುತ್ತಲೇ ಇರುತ್ತವೆ. ಇದಕ್ಕೆ ಹೋಲ್ಡ್ ಅನ್ನುತ್ತಾರೆ. ನಿಮ್ಮದು ಈ ಮೂರನೆಯ ಜಾತಿ ಅಂತ ಕಾಣುತ್ತದೆ. ಕಡ್ಡಿ ಮುಂದಕ್ಕೆ ಒತ್ತಿದ್ದಾಗ ಬ್ಯಾಟರಿ ಹೋಯಿತು. ರಿಸೀವರ್ "ಇವರು ಇನ್ನೂ ಒತ್ತಿಯೇ ಇದ್ದಾರೆ" ಅಂತ ಹೇಳುತ್ತಾ ಹೋಯಿತು. ಡ್ರೋನ್ ಹೇಳಿದ ಮಾತು ಕೇಳಿತು, ಅಷ್ಟೇ. ಸೆಕೆಂಡಿಗೆ 4 ಮೀಟರ್ ವೇಗವಿದ್ದರೂ 40 ಸೆಕೆಂಡಿನಲ್ಲಿ 160 ಮೀಟರ್ ದಾಟುತ್ತದೆ. ಬೇವಿನ ಮರ ದೂರವೇನಲ್ಲ.

ಇದು ನನ್ನ ಊಹೆ ಮಾತ್ರ ಆಗಬಾರದು, ಅಲ್ವಾ? ಡ್ರೋನ್‌ನ ಎಸ್‌ಡಿ ಕಾರ್ಡಿನಲ್ಲಿರುವ ಲಾಗ್ ತೆಗೆದು ಮಿಷನ್ ಪ್ಲ್ಯಾನರ್‌ನಲ್ಲಿ ನೋಡಿ. RCIN ಸಾಲಿನಲ್ಲಿ C1ರಿಂದ C4ರವರೆಗಿನ ಗೆರೆಗಳನ್ನು ಬಿಡಿಸಿ. ಮನುಷ್ಯನ ಕೈ ಕಡ್ಡಿ ಒತ್ತಿ ಹಿಡಿದಿದ್ದರೆ ಸಂಖ್ಯೆ ಸ್ವಲ್ಪವಾದರೂ ಅಲುಗುತ್ತದೆ. ಕೊನೆಯ ಅರ್ಧ ನಿಮಿಷ ನಾಲ್ಕೂ ಗೆರೆ ಹಗ್ಗ ಬಿಗಿದಂತೆ ನೇರವಾಗಿದ್ದರೆ ಅದು ಹೋಲ್ಡ್. ಜೊತೆಗೆ ERR ಸಾಲನ್ನೂ ನೋಡಿ. ರೇಡಿಯೊ ಫೇಲ್‌ಸೇಫ್ ಬಂದಿದ್ದರೆ ಅಲ್ಲಿ Subsys 5 ಅಂತ ದಾಖಲಾಗಿರಬೇಕು. ನಿಮ್ಮ ಲಾಗಿನಲ್ಲಿ ಅದು ಇರಲಾರದು.

ಈಗ ಟೆಲಿಮೆಟ್ರಿ ವಿಷಯ. ಟ್ರಾನ್ಸ್‌ಮಿಟರ್ ಮತ್ತು ಟೆಲಿಮೆಟ್ರಿ ರೇಡಿಯೊ ಎರಡು ಬೇರೆ ಬೇರೆ ದಾರಿಗಳು. ಒಂದು ಕೆಟ್ಟರೆ ಇನ್ನೊಂದು ಕೆಡಬೇಕಿಲ್ಲ. ಹಾಗಾಗಿ ಆ ದಿನ ನಿಮ್ಮ ಕೈಯಲ್ಲಿ ಇನ್ನೂ ಒಂದು ದಾರಿ ಉಳಿದಿತ್ತು. ಲ್ಯಾಪ್‌ಟಾಪ್‌ನಲ್ಲಿ RTL ಬಟನ್ ಒತ್ತಿದ್ದರೆ ಡ್ರೋನ್ ತಿರುಗಿ ಬರುತ್ತಿತ್ತು. ಗಾಬರಿಯಲ್ಲಿ ಯಾರಿಗೂ ಇದು ಹೊಳೆಯುವುದಿಲ್ಲ. ಅಫಜಲಪುರದ ಕಡೆ ಕಬ್ಬಿನ ಹೊಲದಲ್ಲಿ ನಾನೂ ಹೀಗೇ ಒಂದು ಡ್ರೋನ್ ಕಳೆದುಕೊಂಡು, ಎರಡು ದಿನ ಸಾಲು ಸಾಲು ಹುಡುಕಿದ್ದೇನೆ. ಲ್ಯಾಪ್‌ಟಾಪ್ ಟ್ರ್ಯಾಕ್ಟರ್ ಮೇಲೆ ತೆರೆದೇ ಇತ್ತು!

ಸರಿಪಡಿಸುವುದು ಹೀಗೆ. ಮೊದಲು ಪ್ರೊಪೆಲ್ಲರ್ ನಾಲ್ಕನ್ನೂ ಬಿಚ್ಚಿಡಿ. ಆಮೇಲೆ ಮಿಷನ್ ಪ್ಲ್ಯಾನರ್‌ನ Radio Calibration ಪುಟ ತೆರೆದು ಥ್ರಾಟಲ್ ಪಟ್ಟಿ ನೋಡಿ. ಕಡ್ಡಿ ಪೂರ್ತಿ ಕೆಳಗಿದ್ದಾಗ 1004 ಬರುತ್ತಿದೆ ಅಂತ ಇಟ್ಟುಕೊಳ್ಳೋಣ. ಕಡ್ಡಿಯನ್ನು ನಡುವೆ ತಂದು ಟ್ರಾನ್ಸ್‌ಮಿಟರ್ ಆರಿಸಿ. ಪಟ್ಟಿ ಅಲ್ಲೇ ನಿಂತರೆ ರೋಗ ಸಿಕ್ಕಿತು.

ರಿಸೀವರ್‌ಗೆ ಈಗ ಹೊಸ ಪಾಠ ಕಲಿಸಬೇಕು: ಸಿಗ್ನಲ್ ಹೋದರೆ ಥ್ರಾಟಲ್ ಕಡ್ಡಿಯ ಕನಿಷ್ಠಕ್ಕಿಂತಲೂ ಕೆಳಗಿನ ಬೆಲೆ ಕೊಡು, ಅಂತ. ಕಡ್ಡಿಯಿಂದ ಎಂದೂ ಬರದ ಬೆಲೆ ಬಂದಾಗ ಪಿಕ್ಸ್‌ಹಾಕ್‌ಗೆ ಸಿಗ್ನಲ್ ಹೋಗಿದೆ ಅಂತ ತಿಳಿಯುತ್ತದೆ. ಆ ಗಡಿಯೇ FS_THR_VALUE. ಮೊದಲಿಂದ ಬರುವ ಬೆಲೆ 975. ಟ್ರಾನ್ಸ್‌ಮಿಟರ್ ಮತ್ತೆ ಹಚ್ಚಿ, ಕಡ್ಡಿ ಪೂರ್ತಿ ಕೆಳಗಿಟ್ಟು ಥ್ರಾಟಲ್ ಟ್ರಿಮ್ ಪೂರ್ತಿ ಇಳಿಸಿ. ಸಾಲದಿದ್ದರೆ ಟ್ರಾನ್ಸ್‌ಮಿಟರ್‌ನಲ್ಲಿ ಥ್ರಾಟಲ್ ಚಾನಲ್‌ನ ಕೆಳ ತುದಿಯ ಮಿತಿ ಹೆಚ್ಚಿಸಿ. ಪರದೆಯಲ್ಲಿ 930ರ ಆಸುಪಾಸು ಕಂಡಾಗ ಟ್ರಾನ್ಸ್‌ಮಿಟರ್‌ನ ಫೇಲ್‌ಸೇಫ್ ಮೆನುವಿಗೆ ಹೋಗಿ ಉಳಿಸಿ. ನಂತರ ಟ್ರಿಮ್ ಮತ್ತು ಮಿತಿ ಎರಡನ್ನೂ ಹಳೆಯ ಜಾಗಕ್ಕೆ ತನ್ನಿ. ಇದನ್ನು ಮರೆತು ಹಾಗೇ ರೇಡಿಯೊ ಕ್ಯಾಲಿಬ್ರೇಷನ್ ಮಾಡಿದರೆ 930 ಅನ್ನೇ ಕನಿಷ್ಠ ಅಂತ ಬರೆದುಕೊಂಡು ಇನ್ನೊಂದು ಗೊಂದಲ ಶುರುವಾಗುತ್ತದೆ. ಕೊನೆಗೆ ನಿಮ್ಮ ಲೆಕ್ಕ ಹೀಗಿರಬೇಕು: ಕಡ್ಡಿ ಕೆಳಗೆ 1004, ಗಡಿ 975, ಸಿಗ್ನಲ್ ಹೋದಾಗ 930. ಗಡಿಯ ಎರಡೂ ಕಡೆ ಕನಿಷ್ಠ 10 ಅಂತರ ಬೇಕು.

```
FS_THR_ENABLE,1
FS_THR_VALUE,975
RTL_ALT,3000
```

RTL_ALT ಇಲ್ಲಿ ಸೆಂಟಿಮೀಟರ್ ಲೆಕ್ಕ. ಮೊದಲಿಂದ ಬರುವ 1500 ಅಂದರೆ 15 ಮೀಟರ್. ಡ್ರೋನ್ ಅದಕ್ಕಿಂತ ಕೆಳಗಿದ್ದರೆ ಮೊದಲು ನೇರ ಮೇಲೇರಿ, ಆಮೇಲೆ ಮನೆಯ ಕಡೆ ಹೊರಡುತ್ತದೆ. ದೊಡ್ಡ ಬೇವು, ಹುಣಸೆ ಇರುವ ಹೊಲಕ್ಕೆ 15 ಕಡಿಮೆಯೇ. ನಾನು 30 ಇಡುತ್ತೇನೆ. ಹೊಲದ ಮೇಲೆ ಹೈಟೆನ್ಷನ್ ತಂತಿ ಹಾದುಹೋಗಿದ್ದರೆ ಯಾವ ಎತ್ತರವನ್ನೂ ನಂಬಬೇಡಿ. ನೇರ ಏರುವಾಗಲೇ ತಂತಿಗೆ ತಗುಲಬಹುದು. ಅಂಥ ಕಡೆ ಹಾರಿಸದಿರುವುದೇ ಸರಿ. "ಮನೆ" ಅಂದರೆ ನೀವು ಆರ್ಮ್ ಮಾಡಿದ ಜಾಗ. ಅಲ್ಲಿ ಆಮೇಲೆ ಟ್ರ್ಯಾಕ್ಟರ್ ತಂದು ನಿಲ್ಲಿಸಬೇಡಿ.

ಈಗ ಪರೀಕ್ಷೆ. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಪ್ರೊಪೆಲ್ಲರ್ ಇಲ್ಲದೆ, ಬಯಲಲ್ಲಿ, ಜಿಪಿಎಸ್ ಸಿಕ್ಕಮೇಲೆ ಸ್ಟೆಬಿಲೈಸ್ ಮೋಡ್‌ನಲ್ಲಿ ಆರ್ಮ್ ಮಾಡಿ. ಥ್ರಾಟಲ್ ಪೂರ್ತಿ ಕೆಳಗಿದ್ದಾಗ ಟ್ರಾನ್ಸ್‌ಮಿಟರ್ ಆರಿಸಿದರೆ ಮೋಟರ್ ನಿಲ್ಲುತ್ತದೆ, ಅಷ್ಟೇ. ಡ್ರೋನ್ ನೆಲದಲ್ಲೇ ಇದೆ ಅಂತ ಅದು ತಿಳಿಯುತ್ತದೆ. ಇದನ್ನು ನೋಡಿ "RTL ಬರಲೇ ಇಲ್ಲ" ಅಂತ ಸೆಟ್ಟಿಂಗ್ ಕೆದಕುವವರಿದ್ದಾರೆ. ಥ್ರಾಟಲ್ ಸ್ವಲ್ಪ ಏರಿಸಿ, ಆಮೇಲೆ ಆರಿಸಿ. ಲ್ಯಾಪ್‌ಟಾಪ್ ಪರದೆಯಲ್ಲಿ ಮೋಡ್ RTL ಅಂತ ಬದಲಾಗಬೇಕು. Land ಬಂದರೆ ಜಿಪಿಎಸ್ ಸರಿಯಾಗಿ ಸಿಕ್ಕಿಲ್ಲ ಅಂತ ಅರ್ಥ. ಮೋಟರ್ ಜೋರಾದರೆ ಹೆದರಬೇಡಿ, ಅದು ಏರಲು ನೋಡುತ್ತಿದೆ.

ಟ್ರಾನ್ಸ್‌ಮಿಟರ್ ಮತ್ತೆ ಹಚ್ಚಿದ ಕೂಡಲೇ ಡ್ರೋನ್ ನಿಮ್ಮ ಮಾತು ಕೇಳುವುದಿಲ್ಲ, RTLನಲ್ಲೇ ಇರುತ್ತದೆ. ಮೋಡ್ ಸ್ವಿಚ್ ಬೇರೆ ಸ್ಥಾನಕ್ಕೆ ತಿರುಗಿಸಿ ಮತ್ತೆ ತಂದರೆ ಹಿಡಿತ ಸಿಗುತ್ತದೆ. ಇದನ್ನೂ ನೆಲದ ಮೇಲೇ ರೂಢಿ ಮಾಡಿಕೊಳ್ಳಿ.

ಟೆಲಿಮೆಟ್ರಿ ಹೋದರೂ ವಾಪಸ್ ಬರಲಿ ಅಂತ FS_GCS_ENABLE ಹಾಕಬೇಕೇ ಅಂತ ನಿಮ್ಮ ಮುಂದಿನ ಪ್ರಶ್ನೆ ಇರಬಹುದು. ನೀವು ಕಡ್ಡಿ ಹಿಡಿದು, ಕಣ್ಣೆದುರಿಗೇ ಹಾರಿಸುವವರು. ಹಾಗಾಗಿ ನಾನಾದರೆ 0 ಇಡುತ್ತೇನೆ. ಬಿಸಿಲಿಗೆ ಲ್ಯಾಪ್‌ಟಾಪ್ ನಿದ್ದೆ ಹೋದರೂ, ಅರ್ಧ ಔಷಧ ಹೊಡೆದ ಡ್ರೋನ್ ವಾಪಸ್ ಬರುವ ಪ್ರಸಂಗ ಬೇಡ. ಕಡ್ಡಿ ಮುಟ್ಟದೆ ಲ್ಯಾಪ್‌ಟಾಪ್‌ನಿಂದಲೇ ಹಾರಿಸುವ ದಿನ ಬಂದರೆ ಆಗ 1 ಮಾಡಿ. ಸಾಮಾನ್ಯವಾಗಿ 5 ಸೆಕೆಂಡ್ ಸಂಪರ್ಕ ಇಲ್ಲದಿದ್ದರೆ ಅದು ಕೆಲಸ ಶುರು ಮಾಡುತ್ತದೆ.

ಇನ್ನೊಂದು. ಟ್ರಾನ್ಸ್‌ಮಿಟರ್ ಮತ್ತು ರಿಸೀವರ್ ಅನ್ನು ಮತ್ತೆ ಬೈಂಡ್ ಮಾಡಿದರೆ ಕಲಿಸಿದ ಪಾಠ ಕೆಲವೊಮ್ಮೆ ಅಳಿಸಿಹೋಗುತ್ತದೆ. ಬೈಂಡ್ ಮಾಡಿದಾಗಲೆಲ್ಲ ಪ್ರೊಪೆಲ್ಲರ್ ಬಿಚ್ಚಿ ಇದೇ ಪರೀಕ್ಷೆ ಮತ್ತೆ ಮಾಡಿ. ಟ್ರಾನ್ಸ್‌ಮಿಟರ್‌ನ ಬ್ಯಾಟರಿ ಕಡಿಮೆಯಾದಾಗ ಕೂಗುವ ಅಲಾರಂ ಆನ್ ಇದೆಯೇ ಅಂತಲೂ ಒಮ್ಮೆ ನೋಡಿಬಿಡಿ.