ಔಷಧಿ ಹೊಡೆಯುವ ಮೊದಲೇ ತೆಗೆಯಬೇಕಾದ ರಕ್ತ

ಓದುಗರ ಪತ್ರ: ಮಾನ್ಯ ಸಂಪಾದಕರೆ, ನಾನು ದೊಡ್ಡ ಹತ್ತಿ ತೋಟವೊಂದರ ಹಾಗೂ ಅದಕ್ಕೆ ಸೇರಿದ ನೂಲಿನ ಗಿರಣಿಯ ಆರೋಗ್ಯ ಕೊಠಡಿಯಲ್ಲಿ ಶುಶ್ರೂಷಕಿ. ಔಷಧಿ ಹೊಡೆಯುವ ಕೆಲಸಗಾರರೊಬ್ಬರು ತಲೆನೋವು, ವಾಂತಿ, ವಿಪರೀತ ಬೆವರು ಎಂದು ಬಂದರು. ಬಿಸಿಲಿನ ಆಯಾಸವೆಂದು ಮೇಲ್ವಿಚಾರಕರು ಹೇಳಿದರು. ರಕ್ತದ ಕೋಲಿನೆಸ್ಟರೇಸ್ ವರದಿಯೂ ‘ನಾರ್ಮಲ್’ ಎಂದೇ ಬಂತು. ವಿಶ್ರಾಂತಿಯ ನಂತರ ಕೆಲಸಕ್ಕೆ ಹೋದವರು ಮತ್ತೆ ಅದೇ ತೊಂದರೆಯಿಂದ ಮರಳಿದ್ದಾರೆ. ಹಾಗಾದರೆ ಇದೇನು? ಗಿರಣಿಯ ಧೂಳು, ಸದ್ದಿನ ವಿಷಯದಲ್ಲೂ ಮಾಸ್ಕ್ ಹಂಚುವುದಕ್ಕಿಂತ ಹೆಚ್ಚೇನನ್ನಾದರೂ ನಾವು ಮಾಡಬಹುದೆ?

ಸಂಪಾದಕರ ಉತ್ತರ:

ಪ್ರಯೋಗಾಲಯ ತಪ್ಪು ಮಾಡಿರಲಿಕ್ಕಿಲ್ಲ. ಆದರೆ ಆ ವರದಿ ತಮ್ಮ ಕೆಲಸಗಾರರನ್ನು ಊರಿನ ಎಲ್ಲರೊಂದಿಗೆ ಹೋಲಿಸಿ ನೋಡಿದೆಯೇ ಹೊರತು ಅವರನ್ನು ಅವರೊಂದಿಗೇ ಹೋಲಿಸಿಲ್ಲ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ನರ ಮತ್ತು ಸ್ನಾಯುಗಳ ನಡುವೆ ಕೆಲಸ ಮಾಡುವ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತವೆ. ಈ ಕಿಣ್ವದ ಸಹಜ ಪ್ರಮಾಣ ಆರೋಗ್ಯವಂತರಲ್ಲೇ ಒಬ್ಬರಿಂದ ಒಬ್ಬರಿಗೆ ಬಹಳ ವ್ಯತ್ಯಾಸವಾಗುವುದರಿಂದ ವರದಿಯಲ್ಲಿ ಅಚ್ಚಾಗುವ ‘ನಾರ್ಮಲ್’ ವ್ಯಾಪ್ತಿ ಅಗಲವಾಗಿರುತ್ತದೆ. ಉದಾಹರಣೆಗೆ, ಒಂದು ಪ್ರಯೋಗಾಲಯದ ವ್ಯಾಪ್ತಿ 5,000ದಿಂದ 12,000 ಯೂನಿಟ್ ಎಂದಿಟ್ಟುಕೊಳ್ಳೋಣ. ಸಿಂಪಡಣೆಯ ಹಂಗಾಮಿಗೆ ಮುನ್ನ ಒಬ್ಬರ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಕಿಣ್ವದ ಮಟ್ಟ 10,000 ಇದ್ದು ಈಗ 5,800ಕ್ಕೆ ಇಳಿದಿದ್ದರೂ ವರದಿ ‘ನಾರ್ಮಲ್’ ಎಂದೇ ಹೇಳುತ್ತದೆ; ವಾಸ್ತವದಲ್ಲಿ ಅವರು ತಮ್ಮ ಕಿಣ್ವದ ಶೇಕಡಾ 42ರಷ್ಟನ್ನು ಕಳೆದುಕೊಂಡಿರುತ್ತಾರೆ.

ಆದ್ದರಿಂದಲೇ ಮೊದಲ ರಕ್ತವನ್ನು ಔಷಧಿಯ ಡಬ್ಬಿ ತೆರೆಯುವ ಮುನ್ನ ತೆಗೆಯಬೇಕು. ಕನಿಷ್ಠ 30 ದಿನ ಇಂಥ ಔಷಧಿಯ ಸಂಪರ್ಕವಿಲ್ಲದಿದ್ದಾಗ, ಕೆಲವು ದಿನಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಸರಾಸರಿ ತೆಗೆದರೆ ಅದು ಆ ವ್ಯಕ್ತಿಯ ಸ್ವಂತ ಮೂಲಮಟ್ಟವಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ನಿಯಮ ಇಲ್ಲಿ ಒಳ್ಳೆಯ ಮಾದರಿ. ಮಟ್ಟವು ಮೂಲದ ಶೇಕಡಾ 80ಕ್ಕಿಂತ ಕೆಳಗಿಳಿದರೆ ಕೆಲಸದ ವಿಧಾನವನ್ನು ಪರಿಶೀಲಿಸಬೇಕು. ಕೆಂಪು ರಕ್ತಕಣದ ಕಿಣ್ವ ಶೇಕಡಾ 70ಕ್ಕೆ ಅಥವಾ ಪ್ಲಾಸ್ಮಾದ ಕಿಣ್ವ ಶೇಕಡಾ 60ಕ್ಕೆ ಇಳಿದರೆ ಆ ವ್ಯಕ್ತಿಯನ್ನು ಔಷಧಿಯ ಸಂಪರ್ಕವಿಲ್ಲದ ಕೆಲಸಕ್ಕೆ ಹಾಕಬೇಕು. ಮತ್ತೆ ಶೇಕಡಾ 80 ಮುಟ್ಟುವವರೆಗೆ ಸಿಂಪಡಣೆಗೆ ಕಳುಹಿಸುವಂತಿಲ್ಲ. ಪ್ರತಿ ಬಾರಿಯೂ ಅದೇ ಪ್ರಯೋಗಾಲಯ, ಅದೇ ವಿಧಾನ ಇರಬೇಕು, ಇಲ್ಲದಿದ್ದರೆ ಎರಡು ಅಂಕಿಗಳನ್ನು ಹೋಲಿಸಲು ಬರುವುದಿಲ್ಲ.

ತಮ್ಮ ಕೆಲಸಗಾರರಿಗೆ ಮೂಲಮಟ್ಟವೇ ಇಲ್ಲವೆಂದು ಕೈಚೆಲ್ಲಬೇಕಿಲ್ಲ. ವೈದ್ಯರ ಸಲಹೆ ಪಡೆದು ಅವರನ್ನು ಸಿಂಪಡಣೆಯಿಂದ ಪೂರ್ತಿಯಾಗಿ ದೂರವಿಡಿಸಿ, ಕೆಲವು ವಾರ ಮತ್ತೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿರಿ. ಅಂಕಿ ಏರುತ್ತಾ ಹೋಗಿ ಒಂದೆಡೆ ನಿಂತರೆ, ನಿಂತ ಆ ಮಟ್ಟವೇ ಅವರ ಮೂಲಮಟ್ಟ. ಮೊದಲ ದಿನದ ‘ನಾರ್ಮಲ್’ ಅದಕ್ಕಿಂತ ಎಷ್ಟು ಕೆಳಗಿತ್ತೆಂಬುದು ಆಗ ಕಣ್ಣಿಗೆ ಕಾಣುತ್ತದೆ. ಪ್ಲಾಸ್ಮಾದ ಕಿಣ್ವ ಸಾಮಾನ್ಯವಾಗಿ ಬೇಗ ಚೇತರಿಸಿಕೊಳ್ಳುತ್ತದೆ. ಕೆಂಪುಕಣದ್ದು ಹೊಸ ರಕ್ತಕಣಗಳು ಹುಟ್ಟಿಬಂದಂತೆ ದಿನಕ್ಕೆ ಸುಮಾರು ಶೇಕಡಾ 1ರಷ್ಟು ಮಾತ್ರ ಏರುವುದರಿಂದ, ಎರಡು ಮೂರು ದಿನದ ವಿಶ್ರಾಂತಿ ಯಾವುದಕ್ಕೂ ಸಾಲದು. ಅವರು ಮರಳಿ ಅದೇ ತೊಂದರೆಯಿಂದ ಬಂದದ್ದಕ್ಕೆ ಇದೇ ಕಾರಣವಾಗಿರಬಹುದು: ತುಂಬದ ಕಿಣ್ವದ ಮೇಲೆ ಮತ್ತೆ ಸ್ವಲ್ಪ ಔಷಧಿ ಬಿದ್ದರೂ ಸಾಕು. ಈ ಪರೀಕ್ಷೆಗೂ ಮಿತಿಯುಂಟು. ಪೈರೆಥ್ರಾಯ್ಡ್ ಗುಂಪಿನ ಔಷಧಿಗಳಿಗೆ ಇದು ಏನನ್ನೂ ಹೇಳದು. ಕಾರ್ಬಮೇಟ್ ಗುಂಪಿನಲ್ಲಿ ಕಿಣ್ವ ಕೆಲವೇ ಗಂಟೆಗಳಲ್ಲಿ ಬಿಡುಗಡೆಯಾಗುವುದರಿಂದ ತಡವಾಗಿ ತೆಗೆದ ರಕ್ತ ನಿಜಕ್ಕೂ ಸರಿಯಾಗಿಯೇ ಕಾಣಬಹುದು. ಹಾಗಾಗಿ ಡಬ್ಬಿಯ ಮೇಲಿನ ಹೆಸರು ದಾಖಲೆಯಲ್ಲಿ ಇರಲೇಬೇಕು.

ಇನ್ನು ಬಿಸಿಲಿನ ಮಾತು. ತಲೆನೋವು, ವಾಕರಿಕೆ, ಸುಸ್ತು, ಬೆವರು ಎರಡರಲ್ಲೂ ಇರುವುದರಿಂದ ಮೇಲ್ವಿಚಾರಕರು ಹಾಗೆಂದುಕೊಂಡದ್ದು ಸಹಜ. ಬೇರ್ಪಡಿಸಲು ಬಾಯಿ ಮತ್ತು ಕಣ್ಣುಗಳನ್ನು ನೋಡಬೇಕು. ಬಿಸಿಲಿನಿಂದ ಬಳಲಿದವರ ಬಾಯಿ ಒಣಗಿರುತ್ತದೆ, ನಾಡಿ ವೇಗವಾಗಿರುತ್ತದೆ. ಔಷಧಿಯ ವಿಷ ಏರಿದವರ ಬಾಯಲ್ಲಿ ಜೊಲ್ಲು ತುಂಬಿ, ಕಣ್ಣಲ್ಲಿ ನೀರು ಸುರಿದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿರುತ್ತದೆ. ರೆಪ್ಪೆಯ ಅಥವಾ ತೋಳಿನ ಸ್ನಾಯು ತನ್ನಷ್ಟಕ್ಕೆ ಅದುರುತ್ತಿರಬಹುದು. ಆದರೆ ಕೆಲವರಲ್ಲಿ ಮೊದಮೊದಲು ನಾಡಿ ವೇಗವಾಗಿಯೂ ಪಾಪೆ ಹಿಗ್ಗಿಯೂ ಇರುವುದುಂಟು. ಆದ್ದರಿಂದ ಪಾಪೆ ಕಿರಿದಾಗಿದ್ದರೆ ವಿಷವೆಂದು ಬಲವಾಗಿ ಶಂಕಿಸಬಹುದು, ಕಿರಿದಾಗಿಲ್ಲವೆಂಬ ಒಂದೇ ಕಾರಣಕ್ಕೆ ಅಲ್ಲವೆಂದು ಹೇಳಲಾಗದು. ಎದೆಯಲ್ಲಿ ಕಫದ ಗೊರಗೊರ ಸದ್ದು ಕೇಳಿಸಿದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಸಾಗಿಸಬೇಕು.

ವಾಹನ ಬರುವಷ್ಟರಲ್ಲಿ ಬಟ್ಟೆ ಬಿಚ್ಚಿಸಿ ಸೋಪು ನೀರಿನಿಂದ ತೊಳೆಯಿರಿ. ಸಿಂಪಡಿಸುವವರ ಮೈಗೆ ವಿಷ ಹೆಚ್ಚಾಗಿ ಸೇರುವುದು ಚರ್ಮದ ಮೂಲಕ, ಅದರಲ್ಲೂ ಗಾಢ ಔಷಧಿಯನ್ನು ನೀರಿಗೆ ಬೆರೆಸುವ ಹೊತ್ತಿನಲ್ಲಿ. ಮೂಗಿಗೆ ಕಟ್ಟಿದ ಬಟ್ಟೆ ಇದನ್ನು ತಡೆಯಲಾರದು. ತೊಳೆಯುವಾಗ ಕೂದಲು, ಕಿವಿಯ ಹಿಂಭಾಗ, ಉಗುರಿನ ಸಂದುಗಳನ್ನು ಮರೆಯಬಾರದು. ತೊಡೆಸಂದನ್ನೂ ಬಿಡಬಾರದು: ವೃಷಣದ ಚರ್ಮ ಮುಂಗೈಗಿಂತ ಹತ್ತು ಪಟ್ಟಿಗೂ ಹೆಚ್ಚು ಹೀರಿಕೊಳ್ಳುತ್ತದೆ, ಸೋರುವ ಬೆನ್ನಿನ ಪಂಪು ತೋಯಿಸುವುದೂ ಅಲ್ಲಿಗೇ. ಸಂಕೋಚದಿಂದ ಈ ಭಾಗ ಉಳಿದುಹೋಗುತ್ತದೆ ಎಂಬುದು ತಮಗೂ ಗೊತ್ತಿರುತ್ತದೆ. ತಾವು ನೈಟ್ರೈಲ್ ಕೈಗವಸು ಹಾಕಿಕೊಳ್ಳಿ, ಲೇಟೆಕ್ಸ್ ಸಾಲದು. ತೀವ್ರ ವಿಷವೇರಿದವರು ಆಸ್ಪತ್ರೆಯಲ್ಲಿ ಚೇತರಿಸಿಕೊಂಡಂತೆ ಕಂಡ ಮೇಲೂ, 24ರಿಂದ 96 ಗಂಟೆಗಳ ನಡುವೆ ಉಸಿರಾಟದ ಸ್ನಾಯುಗಳು ಸೋಲುವ ಅಪಾಯವಿರುತ್ತದೆ. ಮಲಗಿದ್ದಲ್ಲಿಂದ ದಿಂಬಿನ ಮೇಲಿನ ತಲೆಯನ್ನು ಎತ್ತಲಾಗದಿರುವುದು ಅದರ ಮೊದಲ ಸೂಚನೆ. ಪ್ರತಿ ಪಾಳಿಯ ಶುಶ್ರೂಷಕಿಯೂ ‘ತಲೆ ಎತ್ತಿ’ ಎಂದು ಹೇಳಿ ನೋಡಿದರೆ ಸಾಕು, ಇದು ಗೊತ್ತಾಗುತ್ತದೆ.

ಗಿರಣಿಯಲ್ಲಿಯೂ ಯಾವಾಗ ಅಳೆಯುತ್ತೀರಿ ಎಂಬುದೇ ಮುಖ್ಯ. ಹತ್ತಿ ಧೂಳಿನಿಂದ ಬರುವ ಬಿಸಿನೋಸಿಸ್ ಕಾಯಿಲೆಯಲ್ಲಿ ಎದೆ ಬಿಗಿಯುವುದು ವಾರದ ರಜೆ ಮುಗಿಸಿ ಬಂದ ಮೊದಲ ದಿನ. ಮರುದಿನಗಳಲ್ಲಿ ಅದು ತಗ್ಗುತ್ತದೆ. ವಾರದ ನಡುವೆ ಉಸಿರನ್ನು ಅಳೆಯುವ ಸ್ಪೈರೋಮೀಟರ್ ಊದಿಸಿ ನೋಡಿದರೆ ಆರಂಭದ ಹಂತ ಕೈತಪ್ಪುತ್ತದೆ. ಆ ಮೊದಲ ದಿನವೇ ಪಾಳಿಯ ಮುಂಚೆ ಒಮ್ಮೆ, ಪಾಳಿ ಮುಗಿದ ಮೇಲೆ ಒಮ್ಮೆ ಸ್ಪೈರೋಮೀಟರ್ ಊದಿಸಿ, ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಎಷ್ಟು ಕುಸಿದಿದೆಯೆಂದು ನೋಡಬೇಕು. ತೊಂದರೆ ವಾರದ ಉಳಿದ ದಿನಗಳಿಗೂ ಹರಡುವ ಮುನ್ನ ಅವರನ್ನು ಹತ್ತಿಯನ್ನು ಬಾಚುವ ಕಾರ್ಡಿಂಗ್ ವಿಭಾಗದ ಧೂಳಿನಿಂದ ಬಿಡಿಸಿದರೆ ಶ್ವಾಸಕೋಶ ಉಳಿಯುತ್ತದೆ. ಕಿವಿಯ ಪರೀಕ್ಷೆಯಲ್ಲಿ ಇದಕ್ಕೆ ತದ್ವಿರುದ್ಧ: 14 ಗಂಟೆ ಸದ್ದಿನಿಂದ ದೂರವಿದ್ದ ಮೇಲೆಯೇ ಮೂಲ ಆಡಿಯೋಗ್ರಾಂ ತೆಗೆಯಬೇಕು, ಇಲ್ಲದಿದ್ದರೆ ಅಂದಿನ ತಾತ್ಕಾಲಿಕ ಮಂದತೆಯೇ ಅವರ ಸಹಜ ಶ್ರವಣವೆಂದು ದಾಖಲಾಗಿಬಿಡುತ್ತದೆ. ಸದ್ದಿನ ಹಾನಿ ಮೊದಲು ಕಾಣುವುದು 4,000 ಹರ್ಟ್ಸ್‌ನ ಆಸುಪಾಸಿನಲ್ಲಿ, ಮಾತು ಕೇಳಿಸುವುದು ಕಡಿಮೆಯಾಗುವುದಕ್ಕೂ ಬಹಳ ಮುಂಚೆ.

ತಮ್ಮ ನೋಂದಣಿ ಪುಸ್ತಕದಲ್ಲಿ ‘ತಲೆನೋವು, ಮಾತ್ರೆ ಕೊಟ್ಟಿದೆ’ ಎಂಬುದರ ಪಕ್ಕದಲ್ಲಿ ಇನ್ನೂ ಮೂರು ಅಂಕಣ ಎಳೆಯಿರಿ: ಅಂದು ಮಾಡಿದ ಕೆಲಸ, ಬಳಸಿದ ಔಷಧಿಯ ಹೆಸರು, ತೊಂದರೆ ಶುರುವಾದ ಹೊತ್ತು. ಬೆರೆಸುವ ಕೆಲಸದವರೇ ಮತ್ತೆ ಮತ್ತೆ ಬರುತ್ತಿದ್ದರೆ ಆ ಪುಟವನ್ನು ಮುಂದಿಟ್ಟು, ಕೈ ತಾಗದಂತೆ ಔಷಧಿ ಅಳೆದು ಸುರಿಯುವ ಸಾಧನವನ್ನೂ ಅಲ್ಲಿಯೇ ತೊಳೆದುಕೊಳ್ಳಲು ನೀರನ್ನೂ ಒದಗಿಸುವಂತೆ ಮಾಲೀಕರನ್ನು ಕೇಳುವುದು ತಮ್ಮ ಹಕ್ಕು, ಕರ್ತವ್ಯವೂ ಹೌದು. ಆದರೆ ಆ ಪುಟದಲ್ಲಿ ಹೆಸರುಗಳು ಇರಬಾರದು. ರಕ್ತದ ಅಂಕಿಗಳು ಕೆಲಸಗಾರರಿಗೆ ಮತ್ತು ವೈದ್ಯರಿಗೆ ಮಾತ್ರ ಸೇರಿದ್ದು. ಮೇಲ್ವಿಚಾರಕರಿಗೆ ತಿಳಿಯಬೇಕಾದದ್ದು ಇವರನ್ನು ಸದ್ಯ ಸಿಂಪಡಣೆಗೆ ಕಳುಹಿಸಬಹುದೇ ಇಲ್ಲವೇ ಎಂಬುದಷ್ಟೇ. ಅಂಕಿ ಇಳಿದರೆ ಕೂಲಿಯೂ ಹೋಗುತ್ತದೆ ಎಂಬ ಭಯ ಹುಟ್ಟಿದರೆ ಮುಂದಿನ ಹಂಗಾಮಿನಲ್ಲಿ ಯಾರೂ ತಮಗೆ ತೋಳು ಚಾಚುವುದಿಲ್ಲ. ಆದ್ದರಿಂದ ಸಿಂಪಡಣೆಯಿಂದ ಬಿಡಿಸಿದವರಿಗೆ ಅದೇ ಕೂಲಿಯ ಬೇರೆ ಕೆಲಸ ಸಿಗುತ್ತದೆಂಬ ಮಾತನ್ನು, ಮೊದಲ ರಕ್ತ ತೆಗೆಯುವ ಮುನ್ನವೇ ಮಾಲೀಕರಿಂದ ಬರವಣಿಗೆಯಲ್ಲಿ ಪಡೆದುಕೊಳ್ಳಿ.